‘ಇದೆ’ ಮತ್ತು ‘ಇರಬಹುದು’: ಪೊಟ್ಟಣದ ಮೇಲಿನ ಎರಡು ಮಾತುಗಳು

ಬೆಂಗಳೂರಿನಿಂದ ಕೋಲಾರಕ್ಕೆ ಹೋಗುವ ಹೆದ್ದಾರಿಯಲ್ಲಿ ನರಸಾಪುರವೆಂಬ ಊರು ಸಿಗುತ್ತದೆ. ರಾಗಿ, ತೊಗರಿ, ಕಡಲೆಕಾಯಿಗಳನ್ನು ಬೆಳೆಯುವ ಕೆಂಪು ಮಣ್ಣಿನ ಈ ಸೀಮೆಯಲ್ಲಿ ಇಂದು ದೊಡ್ಡದೊಂದು ಕೈಗಾರಿಕಾ ಪ್ರದೇಶ ಬೆಳೆದಿದೆ. ಇಂತಹ ಊರಿನ ಅಂಗಡಿಯೊಂದರಲ್ಲಿ ಎಳ್ಳಿನ ಚಿಕ್ಕಿಯ ಒಂದು ಪೊಟ್ಟಣವನ್ನು ಕೊಂಡೆವೆಂದು ಭಾವಿಸೋಣ. ಅದನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ, ಅದರಲ್ಲಿ ಸೇರಿರುವ ಪದಾರ್ಥಗಳ ಪಟ್ಟಿ ಕಾಣುತ್ತದೆ: ಎಳ್ಳು, ಬೆಲ್ಲ, ಗ್ಲೂಕೋಸ್ ಪಾಕ. ಕಡಲೆಕಾಯಿಯ ಹೆಸರೇ ಇಲ್ಲ. ಆದರೆ ಅದರ ಕೆಳಗೆ ಬೇರೊಂದು ಸಾಲಿನಲ್ಲಿ ‘ಕಡಲೆಕಾಯಿ ಇರಬಹುದು’ ಎಂಬ ಅರ್ಥದ ಮಾತು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ.

ಇದು ಒಗಟಿನಂತಿದೆಯಲ್ಲವೆ? ಕಡಲೆಕಾಯಿ ಇದ್ದುದೇ ಆದರೆ ಪಟ್ಟಿಯಲ್ಲಿ ಏಕೆ ಸೇರಿಸಲಿಲ್ಲ? ಇಲ್ಲವಾದರೆ ಅದರ ಮಾತನ್ನು ಏಕೆ ಎತ್ತಬೇಕಾಗಿತ್ತು? ತಯಾರಿಸಿದವನಿಗೇ ತನ್ನ ಸರಕಿನಲ್ಲಿ ಏನಿದೆಯೆಂಬುದು ತಿಳಿಯದೆ? ಕಡಲೆಕಾಯಿ ಒಗ್ಗದ ವ್ಯಕ್ತಿಗೆ ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಪೊಟ್ಟಣವನ್ನು ಬಿಡಿಸಬೇಕೆ, ಮರಳಿ ಇಡಬೇಕೆ ಎಂಬ ತೀರ್ಮಾನ ಅದರ ಮೇಲೆ ನಿಂತಿದೆ. ಈ ಎರಡು ಮಾತುಗಳು ಬೇರೆ ಬೇರೆ ಸಂಗತಿಗಳನ್ನು ಹೇಳುತ್ತವೆ ಎಂಬುದನ್ನು ಅರಿತರೆ ಒಗಟು ಬಿಡುತ್ತದೆ. ಪಟ್ಟಿಯು ಹೇಳುವುದು ಪಾಕವಿಧಾನವನ್ನು. ‘ಇರಬಹುದು’ ಎಂಬ ಮಾತು ಹೇಳುವುದು ಕಾರ್ಖಾನೆಯ ಸ್ಥಿತಿಯನ್ನು.

ದೇಹ ಏಕೆ ಮುನಿಯುತ್ತದೆ?

ಮೊದಲು ಅಲರ್ಜಿ ಎಂದರೇನೆಂಬುದನ್ನು ಸ್ವಲ್ಪದರಲ್ಲಿ ನೋಡೋಣ. ಈ ಹೆಸರನ್ನು 1906ರಲ್ಲಿ ರೂಢಿಗೆ ತಂದವನು ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಬಹು ಜನರಿಗೆ ನಿರುಪದ್ರವಿಯಾದ ವಸ್ತುವೊಂದು ಕೆಲವರ ದೇಹಕ್ಕೆ ಶತ್ರುವಿನಂತೆ ತೋರಿ, ದೇಹವು ಅದರ ಮೇಲೆ ಯುದ್ಧ ಹೂಡುವುದೇ ಅಲರ್ಜಿ.

ಈ ಯುದ್ಧದ ಆಯುಧ ರಕ್ತದಲ್ಲಿದೆಯೆಂಬುದನ್ನು 1921ರಲ್ಲಿ ಜರ್ಮನಿಯ ಇಬ್ಬರು ವೈದ್ಯರು ಬಹು ಸರಳವಾದ ಪ್ರಯೋಗದಿಂದ ತೋರಿಸಿಕೊಟ್ಟರು. ಅವರಲ್ಲಿ ಕ್ಯೂಸ್ಟ್‌ನರ್ ಎಂಬಾತನಿಗೆ ಬೇಯಿಸಿದ ಮೀನು ಒಗ್ಗುತ್ತಿರಲಿಲ್ಲ. ಪ್ರೌಸ್‌ನಿಟ್ಸ್ ಎಂಬಾತನಿಗೆ ಮೀನಿನಿಂದ ಯಾವ ತೊಂದರೆಯೂ ಇರಲಿಲ್ಲ. ಕ್ಯೂಸ್ಟ್‌ನರನ ರಕ್ತದ ತಿಳಿದ್ರವವನ್ನು ಪ್ರೌಸ್‌ನಿಟ್ಸನು ತನ್ನ ಚರ್ಮದೊಳಕ್ಕೆ ಚುಚ್ಚಿಸಿಕೊಂಡನು. ಮರುದಿನ ಅದೇ ಸ್ಥಳಕ್ಕೆ ಮೀನಿನ ಸಾರವನ್ನು ಚುಚ್ಚಿದಾಗ ಅಲ್ಲಿ ಮಾತ್ರ ಚರ್ಮ ಕೆಂಪಗೆ ಊದಿಕೊಂಡಿತು. ಒಗ್ಗದಿರುವ ಗುಣವನ್ನು ರಕ್ತದ ಮೂಲಕ ಇನ್ನೊಬ್ಬನಿಗೆ ದಾಟಿಸಬಹುದೆಂದು ಇದರಿಂದ ತಿಳಿಯಿತು. ಆ ದ್ರವದಲ್ಲಿದ್ದ ಪ್ರತಿಕಾಯ ಯಾವುದೆಂಬುದು ಗೊತ್ತಾಗಲು ಇನ್ನೂ 45 ವರ್ಷಗಳು ಬೇಕಾದವು. 1966-67ರಲ್ಲಿ ಅಮೆರಿಕದಲ್ಲಿದ್ದ ಜಪಾನೀ ದಂಪತಿಗಳಾದ ಇಶಿಜಾಕರೂ ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನ್ನಿಕ್ ಎಂಬವರೂ ಪ್ರತ್ಯೇಕವಾಗಿ ಅದನ್ನು ಗುರುತಿಸಿದರು. ಅದನ್ನು ಈಗ ಐಜಿಇ ಎಂದು ಕರೆಯುತ್ತಾರೆ.

ಈ ಪ್ರತಿಕಾಯಗಳು ಹುಡುಕುವುದು ಆಹಾರದಲ್ಲಿನ ಪ್ರೋಟೀನನ್ನು, ಎಂದರೆ ಹಳೆಯ ಪಠ್ಯಪುಸ್ತಕಗಳು ಸಸಾರಜನಕವೆಂದು ಕರೆಯುತ್ತಿದ್ದ ಅಂಶವನ್ನು. ಕಡಲೆಕಾಯಿ ಬೀಜದಲ್ಲಿ ಸುಮಾರು ಕಾಲು ಭಾಗ ಪ್ರೋಟೀನಿದೆ. ಬಡವರ ಪೌಷ್ಟಿಕಾಹಾರವೆಂದು ನಾವು ಅದನ್ನು ಹೊಗಳುವುದು ಈ ಕಾರಣದಿಂದಲೇ. ಕೆಲವರಿಗೆ ಅದು ಅಪಾಯಕಾರಿಯಾಗುವುದೂ ಇದರಿಂದಲೇ. ಹುರಿದರೆ ದೋಷ ಹೋಗುವುದೆಂದು ಭಾವಿಸುವವರುಂಟು. ಆದರೆ ಕಡಲೆಕಾಯಿಯ ಮುಖ್ಯವಾದ ಅಲರ್ಜಿಕಾರಕ ಪ್ರೋಟೀನುಗಳು ಕಾವಿಗೂ ಜೀರ್ಣರಸಗಳಿಗೂ ಸುಲಭವಾಗಿ ಸೋಲುವಂತಹವಲ್ಲ. ಹುರಿಯುವುದರಿಂದ ಅವುಗಳ ಬಲ ಕುಗ್ಗುವುದಿಲ್ಲ.

ಇಲ್ಲಿ ನೆನಪಿಡಬೇಕಾದ ಮಾತು ಒಂದೇ: ಅಲರ್ಜಿಯುಳ್ಳವನಿಗೆ ಒಂದು ಹಿಡಿ ಕಡಲೆಕಾಯಿ ಬೇಕಿಲ್ಲ, ಕಣ್ಣಿಗೆ ಬೀಳದಷ್ಟು ಚೂರೂ ಸಾಲಬಹುದು. ಆದುದರಿಂದಲೇ ಪೊಟ್ಟಣದ ಮೇಲೆ ಎರಡನೆಯ ಮಾತಿಗೆ ಸ್ಥಳ ದೊರೆತಿದೆ.

ಮೊದಲನೆಯ ಮಾತು: ಪದಾರ್ಥಗಳ ಪಟ್ಟಿ

ನಮ್ಮ ದೇಶದಲ್ಲಿ ಪೊಟ್ಟಣ ಕಟ್ಟಿ ಮಾರುವ ಆಹಾರದ ಮೇಲೆ ಏನನ್ನು ಬರೆಯಬೇಕೆಂಬುದನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ನಿಯಮಗಳ ಮೂಲಕ ಗೊತ್ತುಮಾಡಿದೆ. ಲೇಬಲ್ಲುಗಳನ್ನು ಕುರಿತ ನಿಯಮಗಳು 2020ರಲ್ಲಿ ಪ್ರಕಟವಾದವು. ಅವುಗಳ ಪ್ರಕಾರ ತಯಾರಕನು ತಾನು ಬಳಸಿದ ಪದಾರ್ಥಗಳನ್ನು ಅವುಗಳ ಪ್ರಮಾಣಕ್ಕನುಸಾರವಾಗಿ ಇಳಿಯುವ ಕ್ರಮದಲ್ಲಿ ಬರೆಯಬೇಕು. ಎಳ್ಳು ಮೊದಲು, ಬೆಲ್ಲ ಅನಂತರ ಎಂದಿದ್ದರೆ ಚಿಕ್ಕಿಯಲ್ಲಿ ಬೆಲ್ಲಕ್ಕಿಂತ ಎಳ್ಳೇ ಹೆಚ್ಚೆಂದು ತಿಳಿಯಬೇಕು. ಇದು ತಯಾರಕನು ಬುದ್ಧಿಪೂರ್ವಕವಾಗಿ ಬಾಣಲೆಗೆ ಹಾಕಿದ ವಸ್ತುಗಳ ಪಟ್ಟಿ. ಅಡುಗೆಯ ಪುಸ್ತಕದಲ್ಲಿ ‘ಬೇಕಾಗುವ ಸಾಮಾನು’ ಎಂದು ಬರೆಯುವುದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಈ ಪಟ್ಟಿಯ ಜೊತೆಗೆ ಇನ್ನೊಂದು ಘೋಷಣೆಯೂ ಕಡ್ಡಾಯ. ಅಲರ್ಜಿಯನ್ನುಂಟುಮಾಡುವುದು ಹೆಚ್ಚಾಗಿ ಕಂಡುಬರುವ ಎಂಟು ಗುಂಪಿನ ಆಹಾರಗಳನ್ನು ನಿಯಮವು ಹೆಸರಿಸಿದೆ. ಅವು ಯಾವುವೆಂದರೆ: ಗೋಧಿ, ಬಾರ್ಲಿ ಮುಂತಾದ ಗ್ಲೂಟೆನ್ ಇರುವ ಧಾನ್ಯಗಳು, ಸಿಗಡಿ, ಏಡಿಗಳ ಜಾತಿ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮತ್ತು ಗೋಡಂಬಿ, ಬಾದಾಮಿಗಳಂತಹ ಮರದ ಬೀಜಗಳು, ಸೋಯಾ, ಹಾಗೂ ಕಿಲೋಗ್ರಾಮಿಗೆ 10 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚಾಗಿರುವ ಸಲ್ಫೈಟ್ ಎಂಬ ರಾಸಾಯನಿಕ. ಇವುಗಳಲ್ಲಿ ಯಾವುದೇ ಒಂದನ್ನು ಬಳಸಿದ್ದರೆ ಅದನ್ನು ‘ಕಂಟೈನ್ಸ್’ ಎಂಬ ಪದದ ಮುಂದೆ ಬೇರೆಯಾಗಿ ಎತ್ತಿ ಬರೆಯಬೇಕು. ‘ಕಂಟೈನ್ಸ್’ ಎಂದರೆ ‘ಇದೆ’. ಇದರಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಬೇರೆಯಾಗಿ ಬರೆಯುವುದರ ಪ್ರಯೋಜನವೇನು? ಪಟ್ಟಿಯಲ್ಲಿ ‘ಕೇಸೀನ್’ ಎಂದೋ ‘ವ್ಹೇ ಪುಡಿ’ ಎಂದೋ ಇದ್ದರೆ ಅದು ಹಾಲಿನಿಂದ ಬಂದುದೆಂಬುದು ಎಲ್ಲರಿಗೂ ಹೊಳೆಯದು. ‘ಲೆಸಿಥಿನ್’ ಸೋಯಾದಿಂದ ಬಂದುದಾಗಿರಬಹುದೆಂಬುದೂ ಅಷ್ಟೇ. ಇಂತಹ ಮರೆಯ ಹೆಸರುಗಳ ಹಿಂದಿರುವ ವಸ್ತುವನ್ನು ‘ಕಂಟೈನ್ಸ್’ ಎಂಬ ಸಾಲು ಬಯಲಿಗೆ ತರುತ್ತದೆ.

ಎರಡನೆಯ ಮಾತು: ‘ಇರಬಹುದು’

ಈಗ ಎರಡನೆಯ ಮಾತಿಗೆ ಬರೋಣ. ತಯಾರಕನು ಹಾಕದಿದ್ದರೂ, ಬೇರೆಡೆಯಿಂದ ತಗುಲಿ ಬಂದಿರಬಹುದಾದ ವಸ್ತುವನ್ನು ‘ಮೇ ಕಂಟೈನ್’, ಎಂದರೆ ‘ಇರಬಹುದು’, ಎಂಬ ಪದಗಳ ಮುಂದೆ ಬರೆಯಬೇಕೆಂದು ಅದೇ ನಿಯಮವು ಹೇಳುತ್ತದೆ. ಹೀಗೆ ತಗುಲುವುದು ಹೇಗೆ?

ಚಿಕ್ಕಿಯನ್ನು ತಯಾರಿಸುವ ಒಂದು ಸಣ್ಣ ಕಾರ್ಖಾನೆಯನ್ನು ಕಲ್ಪಿಸಿಕೊಳ್ಳಿರಿ. ಬೆಳಗಿನ ಪಾಳಿಯಲ್ಲಿ ಅಲ್ಲಿ ಕಡಲೆಕಾಯಿ ಚಿಕ್ಕಿಯ ತಯಾರಿಕೆ. ಬೀಜವನ್ನು ಹುರಿದು, ಸಿಪ್ಪೆಯನ್ನು ಉಜ್ಜಿ ತೆಗೆಯುತ್ತಾರೆ; ಆಗ ಬೀಜ ಎರಡು ಹೋಳಾಗುತ್ತದೆ. ಬೆಲ್ಲವನ್ನು ಗಟ್ಟಿಪಾಕಕ್ಕೆ ತಂದು, ಹೋಳುಗಳನ್ನು ಅದರಲ್ಲಿ ಕಲಸಿ, ಎಣ್ಣೆ ಸವರಿದ ಹಲಗೆಯ ಮೇಲೆ ಸುರಿದು, ಲಟ್ಟಿಸಿ, ಬಿಸಿ ಆರುವ ಮುನ್ನವೇ ಕತ್ತರಿಸುತ್ತಾರೆ. ಮಧ್ಯಾಹ್ನದ ಪಾಳಿಯಲ್ಲಿ ಅದೇ ಬಾಣಲೆ, ಅದೇ ಹಲಗೆ, ಅದೇ ಕತ್ತಿಗಳಿಂದ ಎಳ್ಳಿನ ಚಿಕ್ಕಿಯ ತಯಾರಿಕೆ. ನಡುವೆ ಎಲ್ಲವನ್ನೂ ತೊಳೆಯುತ್ತಾರೆ, ನಿಜ. ಆದರೆ ಕತ್ತಿಯ ಹಿಡಿಯ ಸಂದು, ಸಾಗಿಸುವ ಪಟ್ಟಿಯ ಅಡಿ, ಹುರಿಯುವ ಪೀಪಾಯಿಯ ಬಾಗಿಲಿನ ಅಂಚು ಮೊದಲಾದ ಸ್ಥಳಗಳಲ್ಲಿ ಪಾಕಕ್ಕೆ ಅಂಟಿದ ಹೋಳುಗಳು ಉಳಿದುಬಿಡುತ್ತವೆ. ಮುಂದಿನ ಸರಕು ಹಾದುಹೋಗುವಾಗ ಅವು ಸಡಿಲಗೊಂಡು ಅದರಲ್ಲಿ ಸೇರುತ್ತವೆ. ಕೆಲಸಗಾರರ ಕೈಗವಸು, ಹುರಿಯುವಾಗ ಏಳುವ ಪುಡಿ, ಕಚ್ಚಾ ಎಳ್ಳು ಬಂದ ಚೀಲ ಇವೂ ದಾರಿಗಳೇ.

ಚೆನ್ನಾಗಿ ತೊಳೆದರೆ ತೀರಿತಲ್ಲ ಎನ್ನಬಹುದು. ಆದರೆ ಎಲ್ಲ ಯಂತ್ರಗಳನ್ನೂ ನೀರಿನಿಂದ ತೊಳೆಯಲಾಗದು. ಹಿಟ್ಟಿನ ಗಿರಣಿಗೆ ನೀರು ತಗುಲಿದರೆ ಅದು ಮುದ್ದೆಗಟ್ಟಿ ಬೂಷ್ಟು ಹಿಡಿಯುತ್ತದೆ. ಚಾಕೊಲೇಟಿನ ಕೊಳವೆಗಳಲ್ಲಿ ನೀರು ನಿಂತರೆ ಚಾಕೊಲೇಟ್ ಕೆಡುವುದಲ್ಲದೆ ರೋಗಾಣುಗಳಿಗೂ ಎಡೆಯಾಗುತ್ತದೆ. ಆದುದರಿಂದ ಅಲ್ಲಿ ಕೋಕೋ ಬೆಣ್ಣೆಯನ್ನೋ ಮುಂದಿನ ಬಗೆಯ ಚಾಕೊಲೇಟನ್ನೋ ಹರಿಸಿ, ಹಳೆಯದನ್ನು ಅದರೊಡನೆ ತಳ್ಳಿಹಾಕುವುದೇ ಶುದ್ಧಿಯ ಕ್ರಮ. ಇಂತಹ ಶುದ್ಧಿಯಿಂದ ಶೇಷ ಬಹಳ ಕಡಮೆಯಾಗುತ್ತದೆ, ಸೊನ್ನೆಯಾಯಿತೆಂದು ಹೇಳಲಾಗುವುದಿಲ್ಲ.

ಎಷ್ಟಾದರೆ ಅಪಾಯ?

ಎಷ್ಟು ಕಡಲೆಕಾಯಿ ತಗುಲಿದರೆ ತೊಂದರೆ ಎಂಬುದನ್ನು ಹೇಳದೆ ಈ ಮಾತು ಪೂರ್ಣವಾಗದು. ಅಲರ್ಜಿಯುಳ್ಳವರಿಗೆ ಆಸ್ಪತ್ರೆಯಲ್ಲಿ ವೈದ್ಯರ ಕಣ್ಣೆದುರಿನಲ್ಲಿ ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ಆಹಾರವನ್ನು ಕ್ರಮವಾಗಿ ಹೆಚ್ಚಿಸುತ್ತ ಕೊಡುವ ಪರೀಕ್ಷೆಯೊಂದಿದೆ. ಇಂತಹ ಅನೇಕ ಪರೀಕ್ಷೆಗಳ ಫಲಿತಾಂಶವನ್ನು ಒಟ್ಟುಗೂಡಿಸಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಳು ಸೇರಿಸಿದ ತಜ್ಞರು 2022ರಲ್ಲಿ ಒಂದು ವರದಿ ಪ್ರಕಟಿಸಿದರು. ಕಡಲೆಕಾಯಿಗೆ ಅವರು ಸೂಚಿಸಿದ ಪ್ರಮಾಣ 2 ಮಿಲಿಗ್ರಾಂ ಪ್ರೋಟೀನು. ಒಂದು ಸಲಕ್ಕೆ ತಿನ್ನುವ ಆಹಾರದಲ್ಲಿ ಇಷ್ಟೇ ಇದ್ದರೆ, ಕಡಲೆಕಾಯಿ ಅಲರ್ಜಿಯುಳ್ಳ 100 ಮಂದಿಯಲ್ಲಿ ಸುಮಾರು 95 ಮಂದಿಗೆ ಹೊರಗೆ ಕಾಣುವಂತಹ ಯಾವ ಪರಿಣಾಮವೂ ಆಗದೆಂದು ಅದರ ಅರ್ಥ. ಉಳಿದ ಐವರು ಈ ರೇಖೆಯ ಹೊರಗಿದ್ದಾರೆ ಎಂಬುದನ್ನು ಮರೆಯಬಾರದು.

ಎರಡು ಮಿಲಿಗ್ರಾಂ ಎಂದರೆ ಎಷ್ಟು? ಸಣ್ಣ ಕಡಲೆಬೀಜವೊಂದು 400 ಮಿಲಿಗ್ರಾಂ ತೂಗುತ್ತದೆಂದು ಇಟ್ಟುಕೊಳ್ಳೋಣ. ಕಾಲು ಭಾಗ ಪ್ರೋಟೀನಾದುದರಿಂದ ಒಂದು ಬೀಜದಲ್ಲಿ 100 ಮಿಲಿಗ್ರಾಂ ಪ್ರೋಟೀನಿದೆ. ಹಾಗಾದರೆ 2 ಮಿಲಿಗ್ರಾಂ ಎಂಬುದು ಒಂದು ಬೀಜವನ್ನು 50 ಪಾಲು ಮಾಡಿದಾಗ ದೊರೆಯುವ ಒಂದು ಪಾಲು.

ಒಂದು ಲೆಕ್ಕ

ಈ ಅಳತೆಯನ್ನು ಹಿಡಿದು ನಮ್ಮ ಕಲ್ಪನೆಯ ಕಾರ್ಖಾನೆಗೆ ಹಿಂದಿರುಗೋಣ. ಮಧ್ಯಾಹ್ನ ಅಲ್ಲಿ 100 ಕಿಲೋಗ್ರಾಂ ಎಳ್ಳಿನ ಚಿಕ್ಕಿಯನ್ನು ಮಾಡಿ, 40 ಗ್ರಾಮಿನ 2,500 ಪೊಟ್ಟಣಗಳನ್ನು ಕಟ್ಟಿದರು. ತೊಳೆದ ಮೇಲೂ ಯಂತ್ರದ ಸಂದುಗಳಲ್ಲಿ 10 ಗ್ರಾಂ ಕಡಲೆಕಾಯಿ ಉಳಿದು ಈ ಸರಕಿನಲ್ಲಿ ಸೇರಿತೆನ್ನಿ. ಹತ್ತು ಗ್ರಾಂ ಎಂದರೆ ಒಂದು ದೊಡ್ಡ ಚಮಚದಷ್ಟು. ನೂರು ಕಿಲೋಗ್ರಾಮಿನಲ್ಲಿ ಅದು ಹತ್ತು ಸಾವಿರದಲ್ಲಿ ಒಂದು ಪಾಲು.

ಇದು ನುಣ್ಣನೆಯ ಪುಡಿಯಾಗಿ ಎಲ್ಲೆಡೆ ಸಮನಾಗಿ ಬೆರೆತಿದ್ದರೆ, ಒಂದೊಂದು ಪೊಟ್ಟಣಕ್ಕೆ 4 ಮಿಲಿಗ್ರಾಂ ಕಡಲೆಕಾಯಿ, ಎಂದರೆ 1 ಮಿಲಿಗ್ರಾಂ ಪ್ರೋಟೀನು ಬರುತ್ತದೆ. ತಜ್ಞರ ಅಳತೆಗಿಂತ ಇದು ಕಡಮೆ. ಒಂದು ಪೊಟ್ಟಣವನ್ನು ತಿಂದವನು ಬಹುಶಃ ಪಾರಾದಾನು. ಮೂರು ಪೊಟ್ಟಣಗಳನ್ನು ಒಮ್ಮೆಗೇ ತಿಂದವನು ಅಳತೆಯನ್ನು ದಾಟುತ್ತಾನೆ.

ಆದರೆ ಚಿಕ್ಕಿಯ ಕಾರ್ಖಾನೆಯಲ್ಲಿ ಉಳಿಯುವುದು ಪುಡಿಗಿಂತ ಹೆಚ್ಚಾಗಿ ಹೋಳು. ಒಂದು ಹೋಳು 200 ಮಿಲಿಗ್ರಾಂ ತೂಗುವುದರಿಂದ 10 ಗ್ರಾಮಿಗೆ 50 ಹೋಳುಗಳಾದವು. ಅವು ಒಂದೊಂದಾಗಿ ಬೇರೆ ಬೇರೆ ಪೊಟ್ಟಣಗಳಲ್ಲಿ ಸೇರಿದರೆ 2,500ರಲ್ಲಿ 50 ಪೊಟ್ಟಣಗಳಲ್ಲಿ ಮಾತ್ರ ಕಡಲೆಕಾಯಿ ಇರುತ್ತದೆ. ಉಳಿದ 2,450 ಪೊಟ್ಟಣಗಳಲ್ಲಿ ಎಳ್ಳಷ್ಟೂ ಇಲ್ಲ. ಆದರೆ ಆ 50ರಲ್ಲಿ ಒಂದೊಂದರಲ್ಲಿಯೂ 50 ಮಿಲಿಗ್ರಾಂ ಪ್ರೋಟೀನಿದೆ. ಇದು ತಜ್ಞರ ಅಳತೆಯ 25ರಷ್ಟು. ಸರಾಸರಿಯನ್ನು ನೋಡಿದರೆ ಎರಡು ಸಂದರ್ಭಗಳೂ ಒಂದೇ. ತಿನ್ನುವವನಿಗೆ ಒಂದೇ ಅಲ್ಲ. ಆತನು ಸರಾಸರಿಯನ್ನು ತಿನ್ನುವುದಿಲ್ಲ, ಒಂದು ಪೊಟ್ಟಣವನ್ನು ತಿನ್ನುತ್ತಾನೆ.

ಪ್ರಯೋಗಾಲಯದಲ್ಲಿ ಪರೀಕ್ಷಿಸಿ ನೋಡಬಾರದೆ? ಪರೀಕ್ಷೆಯೇನೋ ಬಹು ಸೂಕ್ಷ್ಮವಾದುದು. ಒಂದು ಕಿಲೋಗ್ರಾಂ ಆಹಾರದಲ್ಲಿ ಕೆಲವೇ ಮಿಲಿಗ್ರಾಂ ಕಡಲೆಕಾಯಿಯಿದ್ದರೂ ಅದು ತೋರಿಸಿಕೊಡುತ್ತದೆ. ಆದರೆ ಪರೀಕ್ಷಿಸಿದ ಪೊಟ್ಟಣವನ್ನು ಮಾರಲಾಗುವುದಿಲ್ಲ. ಅದನ್ನು ಅರೆದು ಮುಗಿಸಬೇಕು. ಆದುದರಿಂದ ಕೆಲವನ್ನು ಮಾತ್ರ ಆರಿಸಿ ನೋಡುತ್ತಾರೆ. ನಮ್ಮ ಉದಾಹರಣೆಯಲ್ಲಿ 100ಕ್ಕೆ 2 ಪೊಟ್ಟಣಗಳಲ್ಲಿ ಮಾತ್ರ ಹೋಳಿದೆ. ಎಂದ ಮೇಲೆ ಆರಿಸಿದ ಒಂದು ಪೊಟ್ಟಣ ಶುದ್ಧವಾಗಿರುವ ಸಂಭವ 0.98. ಹತ್ತು ಪೊಟ್ಟಣಗಳೂ ಶುದ್ಧವಾಗಿರುವ ಸಂಭವ 0.98ನ್ನು ಹತ್ತು ಸಲ ಗುಣಿಸಿದರೆ ಬರುವ ಸಂಖ್ಯೆ, ಅಂದರೆ ಸುಮಾರು 0.82. ಹತ್ತು ಪೊಟ್ಟಣಗಳನ್ನು ಪರೀಕ್ಷಿಸಿದರೂ 100ಕ್ಕೆ 82 ಸಲ ‘ಕಡಲೆಕಾಯಿ ಇಲ್ಲ’ ಎಂಬ ವರದಿಯೇ ಬರುತ್ತದೆ. ಐವತ್ತನ್ನು ಪರೀಕ್ಷಿಸಿದರೂ 100ಕ್ಕೆ 36 ಸಲ ಮೋಸಹೋಗುತ್ತೇವೆ. ನೂರಕ್ಕೆ 95 ಸಲ ಹೋಳನ್ನು ಹಿಡಿಯಬೇಕಾದರೆ 150 ಪೊಟ್ಟಣಗಳನ್ನು ಅರೆಯಬೇಕಾಗುತ್ತದೆ!

ತಯಾರಕನು ‘ಇದೆ’ ಎಂದಾಗಲಿ ‘ಇಲ್ಲ’ ಎಂದಾಗಲಿ ಹೇಳದೆ ‘ಇರಬಹುದು’ ಎಂದು ಏಕೆ ಹೇಳುತ್ತಾನೆಂಬುದು ಈಗ ಸ್ಪಷ್ಟವಾಗಿರಬೇಕು. ಎಲ್ಲ ಪೊಟ್ಟಣಗಳ ಮೇಲೂ ಅಚ್ಚಾಗುವ ಮಾತು ಒಂದೇ. ಒಳಗಿರುವುದು ಮಾತ್ರ ಒಂದರಿಂದೊಂದಕ್ಕೆ ಬೇರೆ. ನಿನ್ನೆ ಅದೇ ಚಿಕ್ಕಿಯನ್ನು ತಿಂದು ಏನೂ ಆಗಲಿಲ್ಲವೆಂಬುದು ಇಂದಿನ ಪೊಟ್ಟಣಕ್ಕೆ ಸಾಕ್ಷಿಯಾಗದು.

ಈ ಮಾತಿನ ಮಿತಿಗಳು

‘ಇರಬಹುದು’ ಎಂಬ ಮಾತಿಗೆ ಮಿತಿಗಳಿವೆ. ಮೊದಲನೆಯದಾಗಿ, ಅದು ಪ್ರಮಾಣವನ್ನು ಹೇಳುವುದಿಲ್ಲ. ಬಹು ಎಚ್ಚರಿಕೆಯಿಂದ ತೊಳೆಯುವವನೂ, ಅಪರೂಪಕ್ಕೊಮ್ಮೆ ಒರಸುವವನೂ ಒಂದೇ ಪದಗಳನ್ನು ಅಚ್ಚುಹಾಕಿಸಬಹುದು. ಅಮೆರಿಕದಲ್ಲಿ ಪದಾರ್ಥಗಳ ಘೋಷಣೆ ಕಡ್ಡಾಯವಾದರೂ ಎಚ್ಚರಿಕೆಯ ಮಾತು ತಯಾರಕನ ಇಚ್ಛೆಗೆ ಬಿಟ್ಟದ್ದು. ಅಲ್ಲಿನ ಸಂಶೋಧಕರು ಅಂಗಡಿಗಳಿಂದ 401 ಬಗೆಯ ಆಹಾರಗಳನ್ನು ತಂದು, ಹಾಲು, ಮೊಟ್ಟೆ, ಕಡಲೆಕಾಯಿಗಳಿಗಾಗಿ ಪರೀಕ್ಷಿಸಿ, ಫಲಿತಾಂಶವನ್ನು 2010ರಲ್ಲಿ ಪ್ರಕಟಿಸಿದರು. ಎಚ್ಚರಿಕೆಯ ಮಾತಿದ್ದ ಆಹಾರಗಳಲ್ಲಿ 100ಕ್ಕೆ 5.3ರಷ್ಟರಲ್ಲಿ ಅಂತಹ ವಸ್ತು ಸಿಕ್ಕಿತು. ಮಾತಿಲ್ಲದವುಗಳಲ್ಲಿ 100ಕ್ಕೆ 1.9ರಷ್ಟರಲ್ಲಿ ಸಿಕ್ಕಿತು. ಇದರಿಂದ ಎರಡು ವಿಷಯಗಳು ತಿಳಿಯುತ್ತವೆ. ಎಚ್ಚರಿಕೆಯಿದ್ದ ಬಹು ಪೊಟ್ಟಣಗಳಲ್ಲಿ ಏನೂ ಇರಲಿಲ್ಲ. ಎಚ್ಚರಿಕೆಯಿಲ್ಲದ ಕೆಲವು ಪೊಟ್ಟಣಗಳಲ್ಲಿ ಇತ್ತು. ಮಾತಿಲ್ಲದಿರುವುದು ಶುದ್ಧಿಯ ಪ್ರಮಾಣಪತ್ರವಲ್ಲ.

ಎರಡನೆಯದಾಗಿ, ಕೆಲವು ಪೊಟ್ಟಣಗಳ ಮೇಲೆ ‘ಕಡಲೆಕಾಯಿಯನ್ನು ಬಳಸುವ ಕಾರ್ಖಾನೆಯಲ್ಲಿ ತಯಾರಾದುದು’ ಎಂಬ ಮಾತನ್ನೂ ಕಾಣುತ್ತೇವೆ. ಇದು ‘ಇರಬಹುದು’ ಎಂಬುದಕ್ಕಿಂತ ಮೃದುವಾಗಿ ಕಿವಿಗೆ ಕೇಳುವುದರಿಂದ ಅಪಾಯವೂ ಮೃದುವಾದುದೆಂದು ಜನ ಭಾವಿಸುತ್ತಾರೆ. ಪದಗಳ ಈ ತಾರತಮ್ಯಕ್ಕೂ ಒಳಗಿರುವ ಪ್ರಮಾಣಕ್ಕೂ ಸಂಬಂಧವಿದೆಯೆಂದು ನಂಬುವಂತಿಲ್ಲ.

ಮೂರನೆಯ ಮಿತಿ ನಮಗೆ ಹೆಚ್ಚು ಹತ್ತಿರದ್ದು. ನಮ್ಮ ಉದಾಹರಣೆಯನ್ನು ತಿರುಗಿಸಿ ನೋಡೋಣ. ಬೆಳಗ್ಗೆ ಎಳ್ಳಿನ ಚಿಕ್ಕಿ, ಮಧ್ಯಾಹ್ನ ಕಡಲೆಕಾಯಿ ಚಿಕ್ಕಿ ಎಂದಾದರೆ, ಎಳ್ಳು ಒಗ್ಗದವನಿಗೆ ಎಚ್ಚರಿಕೆ ಸಿಗುತ್ತದೆಯೆ? ನಮ್ಮ 2020ರ ನಿಯಮದ ಎಂಟು ಗುಂಪುಗಳಲ್ಲಿ ಎಳ್ಳಿಲ್ಲ. ಚಿಕ್ಕಿಗೆ ಎಳ್ಳನ್ನು ಹಾಕಿದ್ದರೆ ಪದಾರ್ಥಗಳ ಪಟ್ಟಿಯಲ್ಲಿ ಅದರ ಹೆಸರು ಇರಲೇಬೇಕು. ಆದರೆ ಯಂತ್ರದಿಂದ ತಗುಲಿದ ಎಳ್ಳಿನ ವಿಷಯವನ್ನು ಹೇಳಬೇಕೆಂಬ ಕಟ್ಟಳೆ ಇಲ್ಲ. ಅಮೆರಿಕದಲ್ಲಿ ಎಳ್ಳು 2023ರ ಜನವರಿಯಿಂದ ಕಡ್ಡಾಯ ಘೋಷಣೆಯ ಪಟ್ಟಿಗೆ ಸೇರಿತು. ಆಗ ವಿಚಿತ್ರವೊಂದು ನಡೆಯಿತು. ಯಂತ್ರಗಳಿಂದ ಎಳ್ಳಿನ ಶೇಷವನ್ನು ಪೂರ್ತಿಯಾಗಿ ತೆಗೆಯುವುದು ಕಷ್ಟವೆಂದು ಕಂಡ ಕೆಲವು ಬ್ರೆಡ್ ತಯಾರಕರು, ಹಿಂದೆ ಎಳ್ಳಿಲ್ಲದಿದ್ದ ಬ್ರೆಡ್ಡಿಗೂ ಸ್ವಲ್ಪ ಎಳ್ಳಿನ ಹಿಟ್ಟನ್ನು ಬೇಕೆಂದೇ ಸೇರಿಸಿ, ಅದನ್ನು ಪದಾರ್ಥವೆಂದು ಬರೆದುಬಿಟ್ಟರು! ‘ಇರಬಹುದು’ ಎಂಬುದು ಹೀಗೆ ‘ಇದೆ’ ಎಂದಾಯಿತು. ಕಾನೂನಿನ ಅಕ್ಷರ ಉಳಿಯಿತು. ಎಳ್ಳು ಒಗ್ಗದವರಿಗೆ ತಿನ್ನಲು ಇದ್ದ ಬ್ರೆಡ್ಡು ಹೋಯಿತು.

ನಾಲ್ಕನೆಯದು ಎಣ್ಣೆಯ ವಿಷಯ. ಈ ಎಂಟು ಗುಂಪಿನ ವಸ್ತುಗಳಿಂದ ತೆಗೆದ ಎಣ್ಣೆಗೆ ಅಲರ್ಜಿಯ ಘೋಷಣೆ ಬೇಕಿಲ್ಲವೆಂದು ನಮ್ಮ ನಿಯಮ ವಿನಾಯಿತಿ ಕೊಟ್ಟಿದೆ. ಇದಕ್ಕೆ ಕಾರಣವುಂಟು: ಕಾರ್ಖಾನೆಯಲ್ಲಿ ಚೆನ್ನಾಗಿ ಶುದ್ಧೀಕರಿಸಿದ ಎಣ್ಣೆಯಲ್ಲಿ ಪ್ರೋಟೀನು ಬಹುತೇಕ ಉಳಿಯುವುದಿಲ್ಲ. ಆದರೆ ಗಾಣದಲ್ಲಿ ಹಿಂಡಿ, ಬಟ್ಟೆಯಲ್ಲಿ ಸೋಸಿದ ಕಡಲೆಕಾಯಿ ಎಣ್ಣೆಯ ಮಾತು ಬೇರೆ. ಅದರ ಸೊಗಸಾದ ಕಂಪಿನೊಡನೆ ಹಿಂಡಿಯ ಸೂಕ್ಷ್ಮ ಕಣಗಳೂ, ಅವುಗಳೊಡನೆ ಪ್ರೋಟೀನೂ ಬಂದಿರುತ್ತವೆ. ಕಡಲೆಕಾಯಿ ಒಗ್ಗದವರು ಎರಡನ್ನೂ ಒಂದೇ ಎಂದು ತಿಳಿಯಬಾರದು.

ಹೆಸರಿನ ತೊಡಕು

ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಲೇಬಲ್ಲಿನ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಾಗಲಿ ದೇವನಾಗರಿ ಲಿಪಿಯ ಹಿಂದಿಯಲ್ಲಾಗಲಿ ಇರಬೇಕೆಂಬುದು ನಿಯಮ. ಕನ್ನಡವನ್ನು ಜೊತೆಗೆ ಸೇರಿಸಲು ಅಡ್ಡಿಯಿಲ್ಲವಾದರೂ ಕಡ್ಡಾಯವಿಲ್ಲ. ಆದುದರಿಂದ ಓದುಗನೇ ಮನಸ್ಸಿನಲ್ಲಿ ಅನುವಾದ ಮಾಡಿಕೊಳ್ಳಬೇಕು. ಇಂಗ್ಲಿಷಿನ ‘ನಟ್ಸ್’ ಎಂಬ ಪದಕ್ಕೆ ಸಮನಾದ ಒಂದೇ ಪದ ನಮ್ಮಲ್ಲಿಲ್ಲ. ಗೋಡಂಬಿ, ಬಾದಾಮಿ, ಪಿಸ್ತಾ, ಅಕ್ರೋಟುಗಳು ಮರದ ಬೀಜಗಳು. ‘ಪೀನಟ್’ ಎಂಬ ಹೆಸರಿನಲ್ಲಿ ‘ನಟ್’ ಇದ್ದರೂ ಕಡಲೆಕಾಯಿ ಮರದ ಬೀಜವಲ್ಲ. ತೊಗರಿ, ಅವರೆ, ಹುರುಳಿಗಳ ಕುಲದ ದ್ವಿದಳ ಧಾನ್ಯ. ಮಣ್ಣಿನೊಳಗೆ ಕಾಯಿ ಬಿಡುವುದು ಅದರ ವಿಶೇಷ. ಗೋಡಂಬಿ ಒಗ್ಗದವನಿಗೆ ಕಡಲೆಕಾಯಿ ಒಗ್ಗಬಹುದು. ಇದರ ವಿಪರೀತವೂ ಉಂಟು. ಕೆಲವರಿಗೆ ಎರಡೂ ಒಗ್ಗವು.

ಕಡಲೆ ಎಂಬ ಪದವೂ ನಮ್ಮನ್ನು ದಾರಿತಪ್ಪಿಸಬಹುದು. ಕಡಲೆಕಾಯಿ, ಕಡಲೆಬೀಜ ಎಂದರೆ ಪೀನಟ್. ಉತ್ತರ ಕರ್ನಾಟಕದಲ್ಲಿ ಅದೇ ಶೇಂಗಾ. ಆದರೆ ಕಡಲೆಬೇಳೆ, ಕಡಲೆಹಿಟ್ಟು, ಹುರಿಗಡಲೆಗಳು ಬೇರೆಯೇ ಆದ ಕಾಳಿನಿಂದ ಬಂದವು. ಅವುಗಳಲ್ಲಿ ಕಡಲೆಕಾಯಿ ಇಲ್ಲ. ಅಂಗಡಿಯಲ್ಲಿ ‘ಇದರಲ್ಲಿ ಕಡಲೆ ಇದೆಯೆ?’ ಎಂದು ಕೇಳಿದರೆ ಉತ್ತರವು ಯಾವುದನ್ನು ಕುರಿತದ್ದೆಂಬುದು ನಿಶ್ಚಯವಿಲ್ಲ. ‘ಕಡಲೆಕಾಯಿ ಬೀಜ ಇದೆಯೆ?’ ಎಂದು ಪೂರ್ತಿಯಾಗಿ ಕೇಳುವುದೇ ಲೇಸು.

ಓದುವ ಬಗೆ

ಹಾಗಾದರೆ ಪೊಟ್ಟಣವನ್ನು ಓದುವುದು ಹೇಗೆ? ಅಲರ್ಜಿಯಿಲ್ಲದವನಿಗೆ ‘ಇರಬಹುದು’ ಎಂಬ ಸಾಲಿನಿಂದ ಆಗಬೇಕಾದುದೇನೂ ಇಲ್ಲ. ಅದು ಕಲಬೆರಕೆಯ ಒಪ್ಪಿಗೆಯಲ್ಲ, ಆಹಾರ ಹಳಸಿದುದರ ಗುರುತೂ ಅಲ್ಲ. ಅಲರ್ಜಿ ಇದೆಯೆಂದು ವೈದ್ಯರು ಖಚಿತಪಡಿಸಿದವರಾದರೋ ಮೊದಲು ‘ಕಂಟೈನ್ಸ್’ ಸಾಲನ್ನು, ಅನಂತರ ಪಟ್ಟಿಯನ್ನು ಆದಿಯಿಂದ ಅಂತ್ಯದವರೆಗೆ, ಕೊನೆಗೆ ‘ಮೇ ಕಂಟೈನ್’ ಸಾಲನ್ನು ಓದಬೇಕು. ತಮ್ಮ ಶತ್ರುವಿನ ಹೆಸರು ಮೂರರಲ್ಲಿ ಎಲ್ಲಿ ಕಂಡರೂ, ಬೇರೆ ರೀತಿ ನಡೆಯಲು ವೈದ್ಯರೇ ಹೇಳಿದ್ದ ಹೊರತು, ಆ ಪೊಟ್ಟಣ ಅವರಿಗೆ ಸಲ್ಲದು. ಪ್ರತಿ ಸಲವೂ ಓದಬೇಕು. ಏಕೆಂದರೆ ಹೊದಿಕೆಯ ಚಿತ್ರ ಬದಲಾಗದೆಯೇ ಕಾರ್ಖಾನೆಯೂ ಪಾಕವಿಧಾನವೂ ಬದಲಾಗಬಹುದು.

ಬೇಕರಿಯ ತಟ್ಟೆಯಲ್ಲಿನ ಬಿಸ್ಕತ್ತಿಗೂ, ಸಂತೆಯಲ್ಲಿ ಕಾಗದದಲ್ಲಿ ಕಟ್ಟಿಕೊಡುವ ಚಿಕ್ಕಿಗೂ ಇಂತಹ ಲೇಬಲ್ಲೇ ಇರುವುದಿಲ್ಲ. ಅಲ್ಲಿ ಏನು ಹಾಕಿದ್ದೀರಿ ಎಂದು ಕೇಳಿದರೆ ಮೊದಲನೆಯ ಮಾತಿಗೆ ಮಾತ್ರ ಉತ್ತರ ದೊರೆಯುತ್ತದೆ. ಇದೇ ಬಾಣಲೆಯಲ್ಲಿ, ಇದೇ ಹಲಗೆಯ ಮೇಲೆ ಬೇರೇನು ಮಾಡುತ್ತೀರಿ ಎಂದೂ ಕೇಳಿದರೆ ಎರಡನೆಯದಕ್ಕೂ ಉತ್ತರ ಸಿಗುತ್ತದೆ.

ಇದನ್ನೆಲ್ಲ ಓದಿ ತಮಗೂ ಅಲರ್ಜಿ ಇರಬಹುದೆಂದು ಯಾರೂ ಗಾಬರಿಗೊಳ್ಳಬೇಕಾಗಿಲ್ಲ. ಬೆಂಗಳೂರು ಮತ್ತು ಮೈಸೂರುಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಯಸ್ಕರ ಪೈಕಿ 100ಕ್ಕೆ ಸುಮಾರು 26 ಮಂದಿಯ ರಕ್ತದಲ್ಲಿ ಯಾವುದಾದರೊಂದು ಆಹಾರಕ್ಕೆ ಐಜಿಇ ಪ್ರತಿಕಾಯ ಕಂಡುಬಂದಿತು. ಆದರೆ ತಿಂದಾಗ ನಿಜವಾಗಿ ತೊಂದರೆಗೊಳಗಾಗುವವರೆಂದು ಎಣಿಸಬಹುದಾದವರು 100ಕ್ಕೆ 1.2ರಷ್ಟು ಮಾತ್ರ. ರಕ್ತದಲ್ಲಿ ಪ್ರತಿಕಾಯವಿದ್ದ ಮಾತ್ರಕ್ಕೆ ರೋಗವಿದೆಯೆಂದಲ್ಲ. ಇಲ್ಲಿಯೂ ‘ಇರಬಹುದು’ ಮತ್ತು ‘ಇದೆ’ ಬೇರೆ ಬೇರೆ! ಆದರೆ ಏನನ್ನಾದರೂ ತಿಂದ ಸ್ವಲ್ಪ ಹೊತ್ತಿನಲ್ಲೇ ಮೈಯೆಲ್ಲ ದದ್ದು ಎದ್ದು, ತುಟಿ-ನಾಲಿಗೆ ಊದಿ, ಉಸಿರು ಕಟ್ಟಿ, ತಲೆ ಸುತ್ತಿದರೆ ತಡಮಾಡದೆ ಆಸ್ಪತ್ರೆ ಸೇರಬೇಕು. ಅಂತಹ ಸ್ಥಿತಿಗೆ ಮೊದಲ ಮದ್ದು ಅಡ್ರಿನಲಿನ್ ಚುಚ್ಚುಮದ್ದು. ಮನೆಮದ್ದಿನಲ್ಲಿ ಕಳೆಯುವ ನಿಮಿಷಗಳು ಬಹು ಬೆಲೆಯುಳ್ಳವು.

ಎಳ್ಳಿನ ಚಿಕ್ಕಿಯ ಪೊಟ್ಟಣದ ಮೇಲಿನ ಎರಡು ಸಾಲುಗಳಲ್ಲಿ ವಿರೋಧವೇನೂ ಇರಲಿಲ್ಲ. ಬಾಣಲೆಗೆ ಹಾಕಿದುದೇನೆಂದು ಒಂದು ಸಾಲು ಹೇಳಿತು. ಬಾಣಲೆಯಲ್ಲಿ ಮೊದಲೇ ಉಳಿದಿರಬಹುದಾದುದೇನೆಂದು ಇನ್ನೊಂದು ಹೇಳಿತು.